‘ನಾಳೆ ಬಾ’ ಅನ್ನೋದು ಕ್ಷಮೆ ಅಲ್ಲ

1/9

ಹಬ್ಬದ ವಾರ ನಿಮ್ಮ ಫೋನಿಗೂ ಈ ಮೆಸೇಜ್ ಬಂದೇ ಇರುತ್ತೆ:

“ಪ್ರಿಯ ಗ್ರಾಹಕರೇ, ಹಬ್ಬದ ರಶ್ ಇರೋದ್ರಿಂದ ಆರ್ಡರ್‌ಗಳು ಸ್ವಲ್ಪ ಲೇಟ್ ಆಗ್ತಿವೆ. ತೊಂದರೆಗೆ ವಿಷಾದಿಸುತ್ತೇವೆ. ಆದಷ್ಟು ಬೇಗ ತಲುಪಿಸುತ್ತೇವೆ. ದಯವಿಟ್ಟು ಸಹಕರಿಸಿ 🙏”

ಓದೋಕೆ ಎಷ್ಟು ವಿನಯ! ಆದ್ರೆ ಇನ್ನೊಂದ್ಸಲ ಓದಿ. ಯಾವಾಗ ಬರುತ್ತೆ ಅಂತ ಇದೆಯಾ? ಇಲ್ಲ. ಬೇಡ ಅಂದ್ರೆ ದುಡ್ಡು ವಾಪಸ್ ಸಿಗುತ್ತಾ ಅಂತ ಇದೆಯಾ? ಅದೂ ಇಲ್ಲ. ತಪ್ಪು ಯಾರದು? ರಶ್‌ದು ಅಂತೆ. ಕೊನೆಗೆ ಕೆಲಸ ಮಾಡಬೇಕಾದವರು ಯಾರು ಅಂದ್ರೆ ನೀವು, ಸಹಕರಿಸಬೇಕು.

ನಮ್ಮ ಕಡೆ ಹಿಂದೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರು, ನೆನಪಿದೆಯಾ? ರಾತ್ರಿ ದೆವ್ವ ಬಂದು ಓದುತ್ತೆ, ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ. ಆ ನಾಳೆ ಯಾವತ್ತೂ ಬರಲ್ಲ, ಅದೇ ಅದರ ಉಪಾಯ. ‘ಆದಷ್ಟು ಬೇಗ’ ಅನ್ನೋದೂ ಅದೇ ಉಪಾಯ. ವ್ಯತ್ಯಾಸ ಒಂದೇ: ಈ ಸಲ ಬಾಗಿಲ ಹೊರಗೆ ನಿಂತಿರೋದು ದೆವ್ವ ಅಲ್ಲ, ಅಡ್ವಾನ್ಸ್ ಕೊಟ್ಟ ಮನುಷ್ಯರು.

ನನ್ನ ವಾದ ಇಷ್ಟೇ. ದಿನಾಂಕ ಇಲ್ಲದ ಕ್ಷಮೆ ಕ್ಷಮೆಯೇ ಅಲ್ಲ, ಇನ್ನೊಬ್ಬರ ದುಡ್ಡನ್ನ ಇನ್ನಷ್ಟು ದಿನ ಕೈಯಲ್ಲಿ ಇಟ್ಕೊಳ್ಳೋ ದಾರಿ. ಈ ಮಾತು ದೊಡ್ಡ ಕಂಪನಿಗಳಿಗಲ್ಲ, ನಮಗೇ. ನಮ್ಮ ಕ್ಲಾಸಲ್ಲೇ ಕುಚ್ಚು, ಮೆಹಂದಿ, ಕೇಕ್, ಗಿಫ್ಟ್ ಬಾಕ್ಸ್ ಅಂತ ಪೇಜ್ ನಡೆಸೋರು ಎಷ್ಟು ಜನ ಇದ್ದೀರಿ! ಒಂಬತ್ತು ಪೋಸ್ಟ್ ಇದೆ, ಮಾರೋರೂ ಓದಿ, ಕೊಳ್ಳೋರೂ ಓದಿ.

2/9

ಮೊದಲು ಹಬ್ಬದ ಆರ್ಡರ್ ಅಂದ್ರೆ ಏನು ಅಂತ ನೋಡೋಣ. ಯಾಕಂದ್ರೆ ಅದು ಬೇರೆ ಆರ್ಡರ್ ತರ ಅಲ್ಲ.

ನೀವು ಒಂದು ಚಪ್ಪಲಿ ಆರ್ಡರ್ ಮಾಡಿದ್ರಿ, ನಾಲ್ಕು ದಿನ ಲೇಟ್ ಆಯ್ತು. ಬೇಜಾರಾಗುತ್ತೆ, ಆದ್ರೆ ಚಪ್ಪಲಿ ಚಪ್ಪಲಿಯಾಗೇ ಇರುತ್ತೆ. ಅದೇ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಅಮ್ಮ ತನ್ನ ಮೊಳಕಾಲ್ಮುರು ಸೀರೆಯನ್ನ ಕುಚ್ಚು ಕಟ್ಟೋಕೆ ಕೊಟ್ಟಿದ್ದಾಳೆ. ಹಬ್ಬ ಶುಕ್ರವಾರ. ಸೀರೆ ಶನಿವಾರ ಬಂತು. ಕುಚ್ಚು ಎಷ್ಟೇ ಚೆನ್ನಾಗಿರಲಿ, ಅಮ್ಮ ದುಡ್ಡು ಕೊಟ್ಟಿದ್ದು ಆ ಶುಕ್ರವಾರಕ್ಕೆ. ಅದು ಹೋಯ್ತು.

ಬಿಕಾಂ ಓದೋರಿಗೆ ಇದು ಹೊಸದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಂ ನೆನಪಿಸಿಕೊಳ್ಳಿ. ಪರೀಕ್ಷೆಗೆ ಉರು ಹೊಡೆದು ಅಲ್ಲೇ ಬಿಟ್ಟು ಬಂದಿರ್ತೀವಿ. ಸಮಯವೇ ಕರಾರಿನ ತಿರುಳು ಅಂತ ಇಬ್ಬರ ಉದ್ದೇಶವೂ ಆಗಿದ್ದು, ಆ ಸಮಯಕ್ಕೆ ಕೆಲಸ ಆಗದಿದ್ರೆ, ಕರಾರು ರದ್ದು ಮಾಡೋ ಆಯ್ಕೆ ಎದುರಿನವರಿಗೆ ಇರುತ್ತೆ. ‘ಹಬ್ಬಕ್ಕೆ ಉಡಬೇಕು, ಆರನೇ ತಾರೀಖಿನ ಒಳಗೆ ಬೇಕು’ ಅಂತ ಚಾಟ್‌ನಲ್ಲಿ ಬರೆದಿದ್ದು, ‘ಓಕೆ ಅಕ್ಕ’ ಅಂತ ಉತ್ತರ ಬಂದಿದ್ರೆ, ಸಮಯ ಮುಖ್ಯ ಅಂತ ಇಬ್ಬರೂ ಒಪ್ಪಿದ್ದರು ಅನ್ನೋಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಇನ್ನೇನು ಬೇಕು?

ಹಂಗಾಗಿ ಹಬ್ಬ ಆದ ಮೇಲಿನ ದಿನಾಂಕ ಹೇಳಿದ್ರೆ ಅದು ‘ಸ್ವಲ್ಪ ಲೇಟ್’ ಅಲ್ಲ. ಅದು ಹೊಸ ಕರಾರು. ಹೊಸ ಕರಾರಿಗೆ ಹೊಸದಾಗಿ ಒಪ್ಪಿಗೆ ಕೇಳಬೇಕು. ಮಾರೋರು ತಾವೇ ದಿನಾಂಕ ಮುಂದಕ್ಕೆ ತಳ್ಳಿ ‘ಸಹಕರಿಸಿ’ ಅಂದ್ರೆ ಅದು ಒಪ್ಪಿಗೆ ಕೇಳಿದ ಹಾಗಲ್ಲ, ಕರಾರನ್ನ ಒಬ್ಬರೇ ತಿದ್ದಿದ ಹಾಗೆ.

3/9

ಈಗ ಒಂದು ಲೆಕ್ಕ ಹಾಕೋಣ. ಊರು, ತಾರೀಖು ನಿಜದ್ದು, ಅಂಗಡಿ ಮಾತ್ರ ಕಲ್ಪನೆಯದ್ದು.

ಹಿರಿಯೂರಿನಲ್ಲಿ ಒಬ್ಬ ಅಕ್ಕ ಮನೆಯಲ್ಲೇ ಸೀರೆ ಕುಚ್ಚು ಕಟ್ತಾರೆ ಅಂತ ಇಟ್ಕೊಳ್ಳಿ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದಿಂದ ಪಾರ್ಸೆಲ್‌ನಲ್ಲಿ ಸೀರೆ ಬರುತ್ತೆ. 2025ರ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8, ಶುಕ್ರವಾರ. ಎಲ್ಲರಿಗೂ ಅಕ್ಕ ಹೇಳಿರೋದು ‘ಆಗಸ್ಟ್ 6ರ ಸಂಜೆ ಕೊಡ್ತೀನಿ’ ಅಂತ. ಆಗಸ್ಟ್ 2, ಶನಿವಾರ ಸಂಜೆ ನೋಡಿದ್ರೆ ಇನ್ನೂ 22 ಸೀರೆ ಬಾಕಿ. 10 ಸಾದಾ ಕುಚ್ಚು, 12 ಮಣಿ ಹಾಕಿದ ಕ್ರೋಶಾ ಕುಚ್ಚು. ಸಾದಾ ಒಂದಕ್ಕೆ 2 ಗಂಟೆ, ಮಣಿಯದ್ದಕ್ಕೆ 5 ಗಂಟೆ ಅಂತ ಹಿಡಿಯಿರಿ. ಒಟ್ಟು 20 + 60 = 80 ಗಂಟೆ ಕೆಲಸ.

ಕೈ ಎಷ್ಟು? ಅಕ್ಕನ ಜೊತೆ ಇಬ್ಬರು ಕೂರ್ತಿದ್ರು, ಅವರಲ್ಲಿ ಒಬ್ಬರಿಗೆ ಅವತ್ತೇ ಜ್ವರ. ಉಳಿದವರು ಇಬ್ಬರು. ಮನೆಕೆಲಸದ ನಡುವೆ ಒಬ್ಬೊಬ್ಬರು ದಿನಕ್ಕೆ 6 ಗಂಟೆ ಕೂತರೆ ದಿನಕ್ಕೆ 12 ಗಂಟೆ. ಆಗಸ್ಟ್ 3ರಿಂದ 6ರವರೆಗೆ ನಾಲ್ಕು ದಿನ, 48 ಗಂಟೆ. ಬೇಕಿರೋದು 80, ಇರೋದು 48.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮೂರನೆಯವರಿಗೆ ಜ್ವರ ಬರದೇ ಇದ್ದಿದ್ರೆ? ದಿನಕ್ಕೆ 18 ಗಂಟೆ, ನಾಲ್ಕು ದಿನಕ್ಕೆ 72. ಆಗಲೂ 80 ಆಗ್ತಿರಲಿಲ್ಲ! ಅಂದ್ರೆ ಜ್ವರ ಬರೋ ಮೊದಲೇ ಅಕ್ಕ ಕೈಗೆ ಮೀರಿ ಸೀರೆ ಒಪ್ಪಿಕೊಂಡಾಗಿತ್ತು. ಕ್ಷಮೆಯಲ್ಲಿ ‘ಹುಷಾರಿಲ್ಲದ ಕಾರಣ’ ಅಂತ ಮಾತ್ರ ಬರೆದ್ರೆ ಅದು ಅರ್ಧ ಸತ್ಯ. ಲೆಕ್ಕ ಹಾಕಿದಾಗಲೇ ನಿಜವಾದ ಕಾರಣ ಗೊತ್ತಾಗೋದು. ‘ರಶ್’ ಅನ್ನೋ ಪದ ಈ ಲೆಕ್ಕವನ್ನ ಮುಚ್ಚೋಕೇ ಇರೋದು. ಹಬ್ಬ ಪಂಚಾಂಗದಲ್ಲಿ ವರ್ಷಕ್ಕೆ ಮುಂಚೆನೇ ಬರೆದಿರುತ್ತೆ, ರಶ್ ಆಕಾಶದಿಂದ ಬೀಳಲ್ಲ.

4/9

ಈಗ 48 ಗಂಟೆಯಲ್ಲಿ ಏನು ಮಾಡಬಹುದು? 10 ಸಾದಾ ಕುಚ್ಚು ಪೂರ್ತಿ, 20 ಗಂಟೆ. ಮಣಿಯದ್ದು 5 ಸೀರೆ, 25 ಗಂಟೆ. ಒಟ್ಟು 45. ಉಳಿದ 3 ಗಂಟೆ ಇಸ್ತ್ರಿ, ಮಡಿಕೆ, ಪಾರ್ಸೆಲ್‌ಗೆ ಹೋಗುತ್ತೆ. ಅಲ್ಲಿಗೆ 15 ಸೀರೆ ಹೇಳಿದ ದಿನಕ್ಕೇ ಸಿಗುತ್ತೆ. ಹಬ್ಬ ತಪ್ಪೋದು 7 ಸೀರೆಗೆ ಮಾತ್ರ.

ಅಂದ್ರೆ ಕ್ಷಮೆ ಕೇಳಬೇಕಿರೋದು ಎಲ್ಲ ‘ಪ್ರಿಯ ಗ್ರಾಹಕ’ರಿಗಲ್ಲ, ಏಳು ಜನಕ್ಕೆ. ಸ್ಟೋರಿ ಹಾಕಿ ಎಲ್ಲರಿಗೂ ಒಟ್ಟಿಗೆ ಕ್ಷಮೆ ಕೇಳಿದ್ರೆ ಎರಡು ಅನಾಹುತ. ಸರಿಯಾಗಿ ಸಿಗಬೇಕಿದ್ದ 15 ಜನ ಸುಮ್ಮನೆ ಗಾಬರಿಯಾಗಿ ಫೋನ್ ಮಾಡ್ತಾರೆ, ಆ ಫೋನ್ ಎತ್ತೋದ್ರಲ್ಲಿ ಕುಚ್ಚು ಕಟ್ಟೋ ಸಮಯ ಹೋಗುತ್ತೆ. ನಿಜವಾಗಿ ಗೊತ್ತಾಗಬೇಕಿದ್ದ ಏಳು ಜನ ಆ ಸ್ಟೋರಿ ನೋಡದೇ ಇರಬಹುದು, 24 ಗಂಟೆಗೆ ಅದು ಮಾಯ. ಹೊಸದುರ್ಗದ ಅತ್ತೆಯೊಬ್ಬರು ಇನ್‌ಸ್ಟಾದಲ್ಲೇ ಇಲ್ಲ, ಮಗಳ ಫೋನಿಂದ ಆರ್ಡರ್ ಮಾಡಿದ್ರು ಅಂದ್ರೆ? ಅವರಿಗೆ ಫೋನೇ ಮಾಡಬೇಕು, ಆಮೇಲೆ ಅದೇ ಮಾತನ್ನ ಮೆಸೇಜಲ್ಲೂ ಹಾಕಬೇಕು.

ಹನ್ನೆರಡರಲ್ಲಿ ಆ ಐದು ಯಾರದು, ಈ ಏಳು ಯಾರದು? ಮೊದಲು ಆರ್ಡರ್ ಕೊಟ್ಟವರದ್ದು ಮೊದಲು. ಜೋರಾಗಿ ಕೂಗಿದವರದ್ದಲ್ಲ, ಫಾಲೋವರ್ ಜಾಸ್ತಿ ಇದ್ದವರದ್ದಲ್ಲ, ಚಿಕ್ಕಮ್ಮನ ಮಗಳದ್ದೂ ಅಲ್ಲ. ಪಟ್ಟಿ ಬರೆದಿಟ್ಟಿದ್ರೆ ಇದು ಐದು ನಿಮಿಷದ ಕೆಲಸ. ಯಾರಾದ್ರೂ ‘ನಂದ್ಯಾಕೆ ಹಿಂದೆ ಬಿತ್ತು’ ಅಂತ ಕೇಳಿದ್ರೆ ತೋರಿಸೋಕೂ ಆಗುತ್ತೆ.

ಮತ್ತೆ ಮೆಸೇಜ್ ಯಾವಾಗ ಹೋಗಬೇಕು? ಲೆಕ್ಕ ತಪ್ಪಿದ್ದು ಗೊತ್ತಾದ ಅದೇ ರಾತ್ರಿ, ಆಗಸ್ಟ್ 2ಕ್ಕೆ. ಆವಾಗ ಎದುರಿನವರಿಗೆ ಐದು ದಿನ ಇರುತ್ತೆ: ಬೇರೆ ಸೀರೆ ತೆಗೆಯಬಹುದು, ಬೇರೆಯವರ ಹತ್ರ ಕುಚ್ಚು ಕಟ್ಟಿಸಬಹುದು. ಆಗಸ್ಟ್ 7ರ ರಾತ್ರಿ ಕಳಿಸಿದ್ರೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅನ್ನೋ ಗಾದೆ ದುರ್ಗದವರಿಗೆ ಬಿಡಿಸಿ ಹೇಳಬೇಕಾ?

5/9

ಈಗ ಹೊಸ ದಿನಾಂಕ. ಇಲ್ಲೇ ಎಲ್ಲರೂ ಎಡವೋದು.

‘ದಿನಾಂಕ ಹೇಳಿದ್ರೆ ಸಿಕ್ಕಿಹಾಕಿಕೊಳ್ತೀವಿ, ಅದಕ್ಕೇ ಬೇಗ ಕೊಡ್ತೀವಿ ಅಂತಷ್ಟೇ ಹೇಳೋದು’ ಅಂತ ಪೇಜ್ ನಡೆಸೋ ಗೆಳತಿಯೊಬ್ಬಳು ನನಗೆ ಹೇಳಿದ್ಲು. ಅವಳ ಭಯ ಸುಳ್ಳಲ್ಲ. ಎರಡನೇ ಸಲವೂ ಮಾತು ತಪ್ಪಿದ್ರೆ ಮೊದಲನೇ ಸಲಕ್ಕಿಂತ ಜಾಸ್ತಿ ಕೋಪ ಬರುತ್ತೆ. ಆದ್ರೆ ಅದಕ್ಕೆ ಪರಿಹಾರ ದಿನಾಂಕ ಮುಚ್ಚಿಡೋದಲ್ಲ, ಉಳಿಸಿಕೊಳ್ಳಬಹುದಾದ ದಿನಾಂಕ ಕೊಡೋದು.

ಏಳು ಸೀರೆ, 35 ಗಂಟೆ. ಆಗಸ್ಟ್ 7 ಹಬ್ಬದ ಹಿಂದಿನ ದಿನ, 8 ಹಬ್ಬ. ಹೋಳಿಗೆ ಹೂರಣ ಬಿಟ್ಟು ಯಾರೂ ಕುಚ್ಚು ಹಿಡಿಯಲ್ಲ, ಆ ಎರಡು ದಿನ ಲೆಕ್ಕಕ್ಕಿಲ್ಲ. 9, 10, 11 ಮೂರು ದಿನ, 36 ಗಂಟೆ. ಹಂಗಾದ್ರೆ 11ರ ಸಂಜೆ ಮುಗೀಬೇಕು. ಆದ್ರೆ 11 ಅಂತ ಹೇಳಬಾರದು. ಒಂದೇ ಗಂಟೆ ಜಾಗ ಉಳಿದಿರೋದು, ಒಂದು ಬಣ್ಣದ ರೇಷ್ಮೆ ದಾರ ಖಾಲಿಯಾದ್ರೆ ಅದೂ ಹೋಯ್ತು. ಎರಡು ದಿನ ಸೇರಿಸಿ ‘ಆಗಸ್ಟ್ 13, ಬುಧವಾರ ಸಂಜೆ 6ರ ಒಳಗೆ’ ಅಂತ ಹೇಳಬೇಕು. 12ಕ್ಕೇ ಕೊಟ್ರೆ ಯಾರೂ ಬೈಯಲ್ಲ.

ದಿನಾಂಕದ ಜೊತೆ ವಾರ ಬರೀರಿ. ‘13’ ಅಂತ ಮಾತ್ರ ಬರೆದ್ರೆ ಜನ ತಪ್ಪಾಗಿ ಓದ್ತಾರೆ, ‘13 ಬುಧವಾರ’ ಅಂದ್ರೆ ಮನಸ್ಸಲ್ಲಿ ಕೂರುತ್ತೆ. ಕೊಡೋ ದಿನವಾ, ಕಳಿಸೋ ದಿನವಾ ಅಂತಲೂ ಹೇಳಿ. ಹಿರಿಯೂರಿನಲ್ಲಿ ಮನೆ ಹತ್ರ ಬಂದು ತಗೊಳ್ಳೋರಿಗೆ 13 ಅಂದ್ರೆ ಕೈಗೆ ಸಿಗೋ ದಿನ. ಹೊಳಲ್ಕೆರೆಗೆ ಪಾರ್ಸೆಲ್ ಹೋಗಬೇಕಿದ್ರೆ ಅವರಿಗೆ 13 ಬರೀ ಕಳಿಸೋ ದಿನ ಆಗಿಬಿಡುತ್ತೆ. ಅವರ ಮೆಸೇಜಲ್ಲಿ ದಾರಿಯ ದಿನವನ್ನೂ ಸೇರಿಸಿ ‘15, ಶುಕ್ರವಾರದೊಳಗೆ ನಿಮ್ಮ ಕೈಗೆ’ ಅಂತ ಬೇರೆಯಾಗೇ ಬರೀಬೇಕು. ‘ಡಿಸ್ಪ್ಯಾಚ್ ಆಗಿದೆ’ ಅನ್ನೋ ಮಾತಿನಿಂದ ಯಾರ ಮೈ ಮೇಲೂ ಸೀರೆ ಬರಲ್ಲ.

6/9

ಆದ್ರೆ 13 ಹಬ್ಬ ಆದ ಮೇಲಿನ ದಿನ. ಎರಡನೇ ಪೋಸ್ಟಲ್ಲಿ ಹೇಳಿದ್ದು ನೆನಪಿದೆಯಲ್ಲ? ಅದು ಹೊಸ ಕರಾರು, ಒಪ್ಪಿಗೆ ಬೇಕು. ಹಂಗಾಗಿ ದಿನಾಂಕ ಒಂದೇ ಸಾಲದು, ಅದರ ಪಕ್ಕ ಆಯ್ಕೆ ಇರಬೇಕು.

ಈ ಕೇಸಲ್ಲಿ ಒಂದು ಒಳ್ಳೇ ದಾರಿ ಇದೆ. ಕುಚ್ಚಿಲ್ಲದಿದ್ರೂ ಸೀರೆ ಉಡಬಹುದು! ಸೆರಗಿನ ಅಂಚು ನೀಟಾಗಿ ಮುಗಿಸಿ, ಸೀರೆಯನ್ನ ಆಗಸ್ಟ್ 5ರೊಳಗೆ ವಾಪಸ್ ಕೊಟ್ರೆ ಅಮ್ಮ ಶುಕ್ರವಾರ ಅದನ್ನೇ ಉಟ್ಟು ಪೂಜೆ ಮಾಡ್ತಾಳೆ. ಆಮೇಲೆ ಬೇಕಿದ್ರೆ ಮತ್ತೆ ತಂದುಕೊಡಲಿ, ಆಗಸ್ಟ್ 26ರ ಗೌರಿ ಹಬ್ಬಕ್ಕೆ ಸಿದ್ಧವಾಗುತ್ತೆ. ಅವಳಿಗೆ ಬೇಕಿದ್ದಿದ್ದು ಹಬ್ಬ. ಒಂದು ಹಬ್ಬಕ್ಕೆ ಸೀರೆ ಸಿಕ್ತು, ಮುಂದಿನ ಹಬ್ಬಕ್ಕೆ ಕುಚ್ಚೂ ಸಿಕ್ತು.

‘ಅಡ್ವಾನ್ಸ್ ತಗೊಂಡಿದ್ದೀವಿ, ಸೀರೆ ನಮ್ಮ ಹತ್ರ ಇದ್ರೆ ಗಿರಾಕಿ ಎಲ್ಲೂ ಹೋಗಲ್ಲ’ ಅನ್ನೋ ಯೋಚನೆ ಕೆಲವರಲ್ಲಿದೆ. ಇದು ಬರೀ ಕೆಟ್ಟ ಬುದ್ಧಿ ಅಲ್ಲ, ಕಾನೂನಿಗೂ ವಿರುದ್ಧ. ಇನ್ನೊಬ್ಬರ ವಸ್ತುವನ್ನ ಒಂದು ಉದ್ದೇಶಕ್ಕೆ ಕೈಗೆ ತಗೊಂಡಿದ್ದೀವಿ, ಕರಾರು ಕಾಯ್ದೆಯಲ್ಲಿ ಅದಕ್ಕೆ ಬೈಲ್ಮೆಂಟ್ ಅಂತಾರೆ. 161ನೇ ಕಲಂ ಪ್ರಕಾರ, ನಮ್ಮ ತಪ್ಪಿನಿಂದ ವಸ್ತುವನ್ನ ಸರಿಯಾದ ಸಮಯಕ್ಕೆ ವಾಪಸ್ ಕೊಡದೇ ಇದ್ರೆ, ಆ ಹೊತ್ತಿನಿಂದ ಅದಕ್ಕೆ ಆಗೋ ಹಾನಿಗೆ ನಾವೇ ಹೊಣೆ. ಕುಚ್ಚಿನ ರೇಟು 600 ಇರಬಹುದು, ಮೊಳಕಾಲ್ಮುರು ರೇಷ್ಮೆ ಸೀರೆಯ ಬೆಲೆ ಸಾವಿರಗಳಲ್ಲಿ. ಇಲಿ ಕಡಿದ್ರೆ, ಎಣ್ಣೆ ಚೆಲ್ಲಿದ್ರೆ ಯಾವ ಅಡ್ವಾನ್ಸ್ ಉಳಿಯುತ್ತೆ?

ಇನ್ನೊಂದು ಮಾತು: ಗಿರಾಕಿ ಉತ್ತರ ಕೊಡದೇ ಇದ್ರೆ? ‘ಉತ್ತರ ಬರದಿದ್ರೆ 13ಕ್ಕೆ ಒಪ್ಪಿಗೆ ಅಂತ ತಿಳ್ಕೊಳ್ತೀವಿ’ ಅಂತ ಬರೆಯೋರು ಇದ್ದಾರೆ. ಉಲ್ಟಾ ಮಾಡಿ. ಉತ್ತರ ಬರದಿದ್ರೆ ನೀವೇ ಫೋನ್ ಮಾಡಿ ಕೇಳಿ, ಸೀರೆ ವಾಪಸ್‌ಗೆ ಸಿದ್ಧ ಇಡಿ. ಮೌನದ ಲಾಭ ತಪ್ಪು ಮಾಡಿದವರಿಗೆ ಹೋಗಬಾರದು.

7/9

ಈಗ ಆ ‘ಸಣ್ಣ ಉಡುಗೊರೆ’ ವಿಷಯ. ಇಲ್ಲಿ ನನಗೆ ಜಾಸ್ತಿನೇ ಸಿಟ್ಟಿದೆ.

‘ತೊಂದರೆಗಾಗಿ ಕ್ಷಮಿಸಿ, ಮುಂದಿನ ಆರ್ಡರ್‌ಗೆ 10% ರಿಯಾಯಿತಿ, ಕೋಡ್ ಬಳಸಿ!’ ಇದು ಉಡುಗೊರೆ ಅಲ್ರೀ, ಜಾಹೀರಾತು. ಮಾತು ತಪ್ಪಿದವರ ಹತ್ರವೇ ಇನ್ನೊಂದ್ಸಲ ದುಡ್ಡು ಕೊಟ್ರೆ ಮಾತ್ರ ಸಿಗೋದು. ಇನ್ನು ಕೆಲವರು ‘ನಮ್ಮನ್ನ ಟ್ಯಾಗ್ ಮಾಡಿ ಸ್ಟೋರಿ ಹಾಕಿ, ಫ್ರೀ ಗಿಫ್ಟ್ ಕೊಡ್ತೀವಿ’ ಅಂತಾರೆ. ನೊಂದವರ ಕೈಯಲ್ಲೇ ಹೊಗಳಿಕೆ ಬರೆಸಿಕೊಳ್ಳೋದು!

ಸರಿಯಾದದ್ದು ಹೇಗಿರಬೇಕು? ಇದೇ ಆರ್ಡರ್ ಮೇಲೆ, ಷರತ್ತಿಲ್ಲದೆ, ಕೇಳದೇನೇ ಸಿಗಬೇಕು. ನಮ್ಮ ಲೆಕ್ಕಕ್ಕೇ ಬನ್ನಿ. ರೇಟು 600, ಅಡ್ವಾನ್ಸ್ 300 ಅಂದ್ಕೊಳ್ಳಿ. ಅಕ್ಕ ಬಾಕಿಯಲ್ಲಿ 60 ರೂಪಾಯಿ ಬಿಟ್ರೆ ಗಿರಾಕಿ ಕೊಡಬೇಕಿರೋದು 240. ಏಳೂ ಜನಕ್ಕೆ ಸೇರಿ 420 ರೂಪಾಯಿ, ಒಂದು ಸೀರೆಯ ಕೂಲಿಯೂ ಪೂರ್ತಿ ಹೋಗಲ್ಲ. ರದ್ದು ಮಾಡೋರಿಗೆ 300 ಪೂರ್ತಿ ವಾಪಸ್, ಸೀರೆ ತಲುಪಿಸೋ ಪಾರ್ಸೆಲ್ ಖರ್ಚೂ ಅಕ್ಕನದ್ದೇ.

‘ದುಡ್ಡು ಬೇಡ, ಬ್ಲೌಸ್‌ಗೂ ಒಂದು ಜೊತೆ ಕುಚ್ಚು ಫ್ರೀಯಾಗಿ ಕಟ್ಟಿಕೊಡೋಣ’ ಅಂತ ಅನ್ನಿಸಬಹುದು. ಮನಸ್ಸು ಒಳ್ಳೇದೇ, ಲೆಕ್ಕ ತಪ್ಪು. ಒಂದಕ್ಕೆ ಅರ್ಧ ಗಂಟೆ ಅಂದ್ರೂ ಏಳಕ್ಕೆ ಮೂರೂವರೆ ಗಂಟೆ. ಕೊರತೆ ಇರೋದೇ ಗಂಟೆಯಲ್ಲಿ. ಯಾವುದು ಕಮ್ಮಿ ಬಿದ್ದು ತಡ ಆಯ್ತೋ ಅದನ್ನೇ ಉಡುಗೊರೆಯಾಗಿ ಕೊಡಬಾರದು.

2013ರ ಕ್ರಿಸ್‌ಮಸ್‌ಗೆ ಅಮೆರಿಕದಲ್ಲಿ ಹೀಗೇ ಆಯ್ತು. ಯುಪಿಎಸ್ ಕೊರಿಯರ್‌ಗೆ ತನ್ನ ಸಾಮರ್ಥ್ಯ ಮೀರಿ ಪಾರ್ಸೆಲ್ ಬಂತು, ಎಷ್ಟೋ ಮನೆಗೆ ಹಬ್ಬದ ದಿನಕ್ಕೆ ಉಡುಗೊರೆ ತಲುಪಲಿಲ್ಲ. ಸಿಕ್ಕಿಬಿದ್ದ ಗ್ರಾಹಕರಿಗೆ ಅಮೆಜಾನ್ ಸಾಗಣೆ ಶುಲ್ಕ ವಾಪಸ್ ಕೊಟ್ಟು, ಜೊತೆಗೆ 20 ಡಾಲರ್ ಗಿಫ್ಟ್ ಕಾರ್ಡ್ ಕೊಡ್ತು. ಗಿಫ್ಟ್ ಕಾರ್ಡ್ ಅಂದ್ರೆ ಮತ್ತೆ ಅವರ ಅಂಗಡಿಗೇ ಹೋಗಬೇಕು, ಆ ಭಾಗ ನನಗೆ ಒಪ್ಪಿಗೆ ಇಲ್ಲ. ಆದ್ರೆ ಸಾಗಣೆ ದುಡ್ಡು ವಾಪಸ್ ಕೊಟ್ಟಿದ್ದು ಸರಿ. ಯಾವ ಕೆಲಸಕ್ಕೆ ದುಡ್ಡು ತಗೊಂಡ್ರೋ ಆ ಕೆಲಸ ಆಗಲಿಲ್ಲ. ಗಾಡಿ ಓಡಿಸಿದ್ದು ಬೇರೆಯವರೇ ಆಗಲಿ, ದುಡ್ಡು ಎಣಿಸಿಕೊಂಡವರೇ ಉತ್ತರ ಕೊಡಬೇಕು. ‘ಕೊರಿಯರ್‌ನವರ ತಪ್ಪು’ ಅಂತ ಕೈ ತೊಳ್ಕೊಳ್ಳೋ ನಮ್ಮ ಪೇಜ್‌ಗಳು ಇದನ್ನ ನೋಡಲಿ.

8/9

ಎಲ್ಲಾ ಸೇರಿಸಿ ಬರೆದ್ರೆ ಮೆಸೇಜ್ ಹೀಗಿರುತ್ತೆ. ಚಿತ್ರದುರ್ಗದ ಒಬ್ಬ ಗಿರಾಕಿಗೆ, ಆಗಸ್ಟ್ 2ರ ರಾತ್ರಿ:

“ನಮಸ್ಕಾರ ಅಕ್ಕ. ನಿಮ್ಮ ಹಸಿರು ಸೀರೆಗೆ ಮಣಿ ಕುಚ್ಚು ಕಟ್ಟಿ ಆಗಸ್ಟ್ 6ಕ್ಕೆ ಕೊಡ್ತೀನಿ ಅಂದಿದ್ದೆ. ಆ ದಿನಕ್ಕೆ ನನ್ನ ಕೈಲಿ ಆಗಲ್ಲ. ಕಟ್ಟೋಕೆ ಆಗೋದಕ್ಕಿಂತ ಜಾಸ್ತಿ ಸೀರೆ ಒಪ್ಪಿಕೊಂಡೆ, ತಪ್ಪು ನನ್ನದು. ಹಬ್ಬದ ಸೀರೆ ಅಂತ ಗೊತ್ತಿದ್ದೂ ಹೀಗಾಯ್ತು, ಕ್ಷಮಿಸಿ.

ಮೂರು ದಾರಿ ಇದೆ, ನಿಮಗೆ ಯಾವುದು ಅನುಕೂಲ ಹೇಳಿ.
ಒಂದು, ಅಂಚು ಮುಗಿಸಿದ ಸೀರೆ ಆಗಸ್ಟ್ 5, ಮಂಗಳವಾರದೊಳಗೆ ನಿಮ್ಮ ಕೈಗೆ. ಹಬ್ಬಕ್ಕೆ ಉಟ್ಕೊಳ್ಳಿ. ಆಮೇಲೆ ಆಗಸ್ಟ್ 14ರೊಳಗೆ ವಾಪಸ್ ಕೊಟ್ರೆ ಗೌರಿ ಹಬ್ಬಕ್ಕೆ ಮುಂಚೆ, ಆಗಸ್ಟ್ 22, ಶುಕ್ರವಾರದೊಳಗೆ ಕುಚ್ಚು ಕಟ್ಟಿ ತಲುಪಿಸ್ತೀನಿ.
ಎರಡು, ಸೀರೆ ನನ್ನ ಹತ್ರವೇ ಇರಲಿ ಅಂದ್ರೆ ಆಗಸ್ಟ್ 15, ಶುಕ್ರವಾರದೊಳಗೆ ಕುಚ್ಚು ಕಟ್ಟಿ ನಿಮ್ಮ ಕೈಗೆ.
ಮೂರು, ಬೇಡ ಅಂದ್ರೆ ಸೀರೆ ಆಗಸ್ಟ್ 5ರೊಳಗೆ ವಾಪಸ್, ಅಡ್ವಾನ್ಸ್ 300 ಇವತ್ತೇ ವಾಪಸ್.

ಒಂದು, ಎರಡು ಯಾವುದಾದ್ರೂ ಬಾಕಿಯಲ್ಲಿ 60 ರೂಪಾಯಿ ಕೊಡಬೇಡಿ. ಪಾರ್ಸೆಲ್ ಖರ್ಚು ಮೂರಕ್ಕೂ ನನ್ನದೇ. ನಾಳೆ ಸಂಜೆಯೊಳಗೆ ಹೇಳಿ, ಇಲ್ಲಾಂದ್ರೆ ನಾನೇ ಫೋನ್ ಮಾಡ್ತೀನಿ.”

ನೋಡಿ, ಇದರಲ್ಲಿ ‘ವಿಷಾದ’ ಇಲ್ಲ, ‘ಅನಿವಾರ್ಯ ಕಾರಣ’ ಇಲ್ಲ, ಕೈ ಮುಗಿಯೋ ಇಮೋಜಿ ಇಲ್ಲ. ಜ್ವರದ ವಿಷಯವನ್ನೂ ಬಿಟ್ಟಿದ್ದೀನಿ, ಯಾಕಂದ್ರೆ ಜ್ವರ ಬರದಿದ್ರೂ ಕೆಲಸ ಮುಗೀತಿರಲಿಲ್ಲ.

ಇದು ಕಳಿಸಿದ ಮೇಲೆ ಇನ್ನೊಂದು ಕೆಲಸ ಬಾಕಿ: ಹೊಸ ಆರ್ಡರ್ ನಿಲ್ಲಿಸೋದು. ಬಯೋದಲ್ಲೇ ಬರೀರಿ, ‘ಆಗಸ್ಟ್ 13ರವರೆಗೆ ಹೊಸ ಸೀರೆ ತಗೊಳ್ಳಲ್ಲ’ ಅಂತ. ಒಂದು ಪೇಜ್‌ನ ಕ್ಷಮೆ ನಿಜವಾ ಸುಳ್ಳಾ ಅಂತ ಕಂಡುಹಿಡಿಯೋಕೆ ಸುಲಭ ಪರೀಕ್ಷೆ ಇದು. ಬೆಳಿಗ್ಗೆ ‘ಕ್ಷಮಿಸಿ, ತಡವಾಗ್ತಿದೆ’, ಸಂಜೆ ‘ಹಬ್ಬದ ಆರ್ಡರ್ ಓಪನ್, ಬೇಗ ಡಿಎಂ ಮಾಡಿ’ ಅಂತ ಇದ್ರೆ, ಬೆಳಿಗ್ಗೆಯ ಮಾತಿಗೆ ಬೆಲೆ ಇಲ್ಲ. ಹೊಸಬರ ಅಡ್ವಾನ್ಸಲ್ಲಿ ಹಳಬರ ದಾರ ಕೊಳ್ತಿದ್ದಾರೆ ಅಂತ ಅರ್ಥ.

9/9

ಕೊನೆಗೆ ಕೊಳ್ಳೋರಿಗೆ, ಅಂದ್ರೆ ನಮ್ಮಲ್ಲಿ ಮುಕ್ಕಾಲು ಜನಕ್ಕೆ.

ಆರ್ಡರ್ ಕೊಡುವಾಗಲೇ ‘ಇಂಥ ಹಬ್ಬಕ್ಕೆ, ಇಂಥ ತಾರೀಖಿನೊಳಗೆ’ ಅಂತ ಚಾಟ್‌ನಲ್ಲಿ ಬರೀರಿ. ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ.

ತಡದ ಮೆಸೇಜ್ ಬಂದಾಗ ‘ಪರವಾಗಿಲ್ಲ ಅಕ್ಕ’ ಅಂತ ತಕ್ಷಣ ಟೈಪ್ ಮಾಡಬೇಡಿ. 55ನೇ ಕಲಂನ ಇನ್ನೊಂದು ಭಾಗ ನಮ್ಮ ನೋಟ್ಸ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ: ಸಮಯ ತಪ್ಪಿದ ಮೇಲೂ ತಡವಾದ ಕೆಲಸವನ್ನ ನೀವು ಒಪ್ಪಿಕೊಂಡ್ರೆ, ಒಪ್ಪುವಾಗಲೇ ‘ಪರಿಹಾರ ಕೇಳ್ತೀನಿ’ ಅಂತ ತಿಳಿಸದಿದ್ರೆ, ಆ ತಡಕ್ಕೆ ಆಮೇಲೆ ಪರಿಹಾರ ಕೇಳೋಕೆ ಆಗಲ್ಲ. ಬಿಡೋದಾದ್ರೆ ಗೊತ್ತಿದ್ದು ಬಿಡಿ, ಗೊತ್ತಿಲ್ಲದೆ ಬಿಡಬೇಡಿ. ದಿನಾಂಕ ಇಲ್ಲದ ಮೆಸೇಜ್ ಬಂದ್ರೆ ಒಂದೇ ಸಾಲು ಸಾಕು: ‘ಯಾವ ದಿನ, ಯಾವ ವಾರ ಹೇಳಿ. ಇಲ್ಲಾಂದ್ರೆ ಅಡ್ವಾನ್ಸ್ ವಾಪಸ್ ಕಳಿಸಿ.’ ಬೈಗುಳ ಬೇಡ, ಕಾಮೆಂಟ್‌ನಲ್ಲಿ ಜಗಳ ಬೇಡ. ಅದಕ್ಕೂ ಜಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಚಿತ್ರದುರ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 300 ರೂಪಾಯಿಗೆ ಅಲ್ಲಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಆ ಬಾಗಿಲು ಇದೆ ಅಂತ ಎರಡೂ ಕಡೆಯವರಿಗೂ ಗೊತ್ತಿರಲಿ.

‘ಪಾಪ, ಮನೆಯಲ್ಲಿ ಕೂತು ಕಷ್ಟಪಟ್ಟು ದುಡಿಯೋರು, ಅವರ ಮೇಲೆ ಯಾಕೆ ಇಷ್ಟು ಕಾನೂನು?’ ಅಂತ ಯಾರೋ ಕಾಮೆಂಟ್ ಹಾಕೇ ಹಾಕ್ತೀರ, ಅದಕ್ಕೆ ಈಗಲೇ ಉತ್ತರ. ಸೀರೆ ಕೊಟ್ಟವಳೂ ಕಷ್ಟಪಟ್ಟು ದುಡಿಯೋಳೇ. ಅಂಗನವಾಡಿಗೋ ಗಾರ್ಮೆಂಟ್ಸ್‌ಗೋ ಹೋಗಿ ಬಂದು, ಉಳಿಸಿದ ದುಡ್ಡಲ್ಲಿ ವರ್ಷಕ್ಕೊಂದ್ಸಲ ಕುಚ್ಚು ಕಟ್ಟಿಸೋಳು. ಅವಳಿಗೆ ಇರೋದು ಒಂದೇ ಶುಕ್ರವಾರ. ಮನೆಯಿಂದ ವ್ಯಾಪಾರ ಮಾಡೋರಿಗೆ ದೊಡ್ಡ ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಬಿಲ್ ಬುಕ್ಕೂ ಇಲ್ಲ. ಇರೋದು ‘ಆ ಅಕ್ಕ ಹೇಳಿದ್ರೆ ಹೇಳಿದ ಹಾಗೆ’ ಅನ್ನೋ ಒಂದು ಮಾತು. ಏಳು ಜನಕ್ಕೆ 420 ರೂಪಾಯಿ ಬಿಟ್ಟು, ಏಳು ಮೆಸೇಜ್ ಟೈಪ್ ಮಾಡಿದ್ರೆ ಆ ಮಾತು ಉಳಿಯುತ್ತೆ.

ಗೌರಿ-ಗಣೇಶ, ದಸರಾ, ದೀಪಾವಳಿ ಸಾಲು ಸಾಲಾಗಿ ಬರ್ತವೆ. ನಿಮ್ಮ ಪೇಜ್‌ನ ಬಾಕಿ ಪಟ್ಟಿ ತೆಗೀರಿ, ಗಂಟೆ ಲೆಕ್ಕ ಹಾಕಿ. ಆಗಲ್ಲ ಅಂತ ಗೊತ್ತಾದವರಿಗೆ ಇವತ್ತೇ ದಿನಾಂಕ ಬರೆದು ಕಳಿಸಿ.

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ಸೀರೆಕುಚ್ಚು #ದಿನಾಂಕಹೇಳಿ